ಕೊನೆಯ ಮಾತು ಯಾರದು?

ಹಸಿರು ಲಂಗ, ತಲೆಗೆ ಹೂವಿನ ದಂಡೆ, ಕೆನ್ನೆಗೆ ಕೆಂಪು. ವೇದಿಕೆಯ ಪಕ್ಕದ ಕೊಠಡಿಯಲ್ಲಿ ಒಂದನೇ ತರಗತಿಯ ಹನ್ನೆರಡು ಮಕ್ಕಳು ಗೋಡೆಗೆ ಒರಗಿ ನಿದ್ದೆಹೋಗಿದ್ದರು. ಅವರ ನೃತ್ಯ ಏಳೂವರೆಗೆ ಆಗಬೇಕಿತ್ತು. ಗಂಟೆ ಒಂಬತ್ತು ದಾಟಿತ್ತು. ವೇದಿಕೆಯ ಮೇಲೆ ವಂದನಾರ್ಪಣೆ ಇನ್ನೂ ನಡೆದೇ ಇತ್ತು. ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಲೇಬೇಕಾದ್ದರಿಂದ ಅವರ ನೃತ್ಯವನ್ನು ಕೈಬಿಡಬೇಕಾಯಿತು. ಎಬ್ಬಿಸಿ ಮನೆಗೆ ಕಳಿಸುವಾಗ ಒಂದು ಮಗು ಕಣ್ಣುಜ್ಜಿಕೊಳ್ಳುತ್ತಾ, "ಮಿಸ್, ನಮ್ದು ಆಯ್ತಾ?" ಎಂದು ಕೇಳಿತು.

ಆ ವಾರ್ಷಿಕೋತ್ಸವದ ನಿರೂಪಣೆ ನನ್ನದೇ ಆಗಿತ್ತು. ಮಲೆನಾಡಿನ ಒಂದು ಅನುದಾನಿತ ಶಾಲೆ. ಒಂದರಿಂದ ಹತ್ತನೇ ತರಗತಿವರೆಗೆ ಇದೆ, ಊರಿನವರೇ ಕಟ್ಟಿದ ಸಂಘ ಅದನ್ನು ನಡೆಸುತ್ತದೆ. ಅಂದು ಮಾತನಾಡಿದ ಯಾರೂ ಕೆಟ್ಟ ಭಾಷಣಕಾರರಲ್ಲ. ಮುಖ್ಯ ಅತಿಥಿಯಾಗಿ ಬಂದಿದ್ದ ಜಾನಪದ ವಿದ್ವಾಂಸರಂತೂ ಅರ್ಧ ಗಂಟೆ ಕೂರಿಸಿ ನಗಿಸಬಲ್ಲವರು. ಆದರೆ ಅವರ ಸರದಿ ಬಂದಾಗ ಎಂಟು ಗಂಟೆ ಇಪ್ಪತ್ತು ನಿಮಿಷ. ಎದುರಿಗಿದ್ದ ಕುರ್ಚಿಗಳಲ್ಲಿ ಅರ್ಧ ಖಾಲಿ. ತಪ್ಪು ಮಾತಿನದಲ್ಲ, ಸಾಲಿನದು. ಆ ಸಾಲನ್ನು ಬರೆದವನು ನಾನು. ಮರುವರ್ಷ ಅದನ್ನು ಬೇರೆ ರೀತಿ ಬರೆದೆವು. ಹೇಗೆ ಬರೆದೆವು, ಏನು ಬದಲಾಯಿತು ಎನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಆಹ್ವಾನ ಪತ್ರಿಕೆಯ ಸಾಲು, ಕೇಳುವವರ ಸಾಲು

ನಮ್ಮ ಶಾಲೆಗಳಲ್ಲಿ ಭಾಷಣಗಳ ಕ್ರಮವನ್ನು ಯಾರೂ ಕೂತು ಯೋಚಿಸಿ ನಿರ್ಧರಿಸುವುದಿಲ್ಲ. ಆಹ್ವಾನ ಪತ್ರಿಕೆ ಅಚ್ಚಾದಾಗಲೇ ಅದು ನಿರ್ಧಾರವಾಗಿಬಿಟ್ಟಿರುತ್ತದೆ. ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿಗಳು, ಉಪಸ್ಥಿತಿ ಎಂದು ಹೆಸರುಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಅದು ಗೌರವದ ಸಾಲು. ಯಾರ ಹೆಸರು ಯಾರ ಕೆಳಗೆ ಬಂದರೆ ಮನಸ್ತಾಪವಾದೀತು ಎಂದು ಅಳೆದು ತೂಗಿ ಬರೆದದ್ದು. ಅದನ್ನೇ ಮೈಕಿನ ಮುಂದೆ ಯಥಾವತ್ತಾಗಿ ಇಳಿಸಿದಾಗ ತೊಂದರೆ ಶುರುವಾಗುತ್ತದೆ. ಏಕೆಂದರೆ ಕೇಳುವವರ ಸಾಲೇ ಬೇರೆ. ಅವರಿಗೆ ಮೊದಲ ಅರ್ಧ ಗಂಟೆ ತಾಳ್ಮೆ ಇರುತ್ತದೆ. ಆಮೇಲೆ ತಮ್ಮ ಮಗುವಿನ ಹೆಸರು ಯಾವಾಗ ಬರುತ್ತದೆ ಎಂದು ಕಾಯತೊಡಗುತ್ತಾರೆ. ಆ ಹೊತ್ತಿಗೆ ಇವರನ್ನು ಹಿಡಿದು ನಿಲ್ಲಿಸಬಲ್ಲ ಧ್ವನಿ ಬರಬೇಕು, ಇಲ್ಲವೇ ವೇದಿಕೆಯ ಮೇಲೆ ಏನಾದರೂ ನಡೆಯಬೇಕು.

ಆದ್ದರಿಂದ ಮರುವರ್ಷ ನಾವು ಮಾಡಿದ ಮೊದಲ ಕೆಲಸ ಎರಡು ಹಾಳೆಗಳನ್ನು ಬೇರ್ಪಡಿಸಿದ್ದು. ಆಹ್ವಾನ ಪತ್ರಿಕೆಯಲ್ಲಿ ಗೌರವದ ಸಾಲು ಎಂದಿನಂತೆಯೇ ಉಳಿಯಿತು. ಮಾತಿನ ಕ್ರಮವನ್ನು ಅದರಲ್ಲಿ ಅಚ್ಚು ಹಾಕಿಸಲಿಲ್ಲ. ಅದಕ್ಕೆಂದೇ ಒಂದು ಹಾಳೆ ಮಾಡಿ ಅಧ್ಯಕ್ಷರು, ಮುಖ್ಯೋಪಾಧ್ಯಾಯರು, ನಿರೂಪಕ ಮೂವರ ಕೈಯಲ್ಲಿ ಮಾತ್ರ ಇಟ್ಟುಕೊಂಡೆವು. ಹಿರಿಯರಿಗೆ ಸಲ್ಲಬೇಕಾದ ಮರ್ಯಾದೆಗೆ ಬೇರೆ ದಾರಿಗಳಿವೆ: ವೇದಿಕೆಯ ನಡುವಿನ ಕುರ್ಚಿ, ದೀಪ ಬೆಳಗುವ ಅವಕಾಶ, ಮಕ್ಕಳಿಗೆ ಬಹುಮಾನ ಕೊಡುವ ಕೈ. ಇವು ಸಿಕ್ಕಿದ ಮೇಲೆ ಮೂರನೆಯವರಾಗಿ ಮಾತನಾಡಿ ಎಂದರೂ ಯಾರೂ ಬೇಸರಪಟ್ಟುಕೊಳ್ಳಲಿಲ್ಲ.

ಹಿಂದಿನಿಂದ ಮುಂದಕ್ಕೆ ಲೆಕ್ಕ

ಎರಡನೆಯ ಕೆಲಸ ಗಡಿಯಾರದ್ದು. ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು 2000ದಲ್ಲಿ ಬಂದಾಗಿನಿಂದ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಳ್ಳಿಯ ಮಕ್ಕಳು ಮನೆ ಸೇರಬೇಕು ಎನ್ನುವುದನ್ನೂ ಸೇರಿಸಿದರೆ ಒಂಬತ್ತೂವರೆಗೆ ಎಲ್ಲವೂ ಮುಗಿಯಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿದೆವು. ಮಕ್ಕಳ ಕಾರ್ಯಕ್ರಮಗಳು ಹದಿನೆಂಟು. ಒಂದೊಂದಕ್ಕೆ ಐದು ನಿಮಿಷ, ತಂಡ ಇಳಿದು ಇನ್ನೊಂದು ಹತ್ತಲು ಎರಡು ನಿಮಿಷ. ಒಟ್ಟು 126 ನಿಮಿಷ. ಅಂದರೆ ಸಭಾ ಕಾರ್ಯಕ್ರಮ 7.24ಕ್ಕೆ ಮುಗಿಯಬೇಕು. 5.45ಕ್ಕೆ ಶುರುವಾದರೆ ಸಭೆಗೆ ಸಿಗುವುದು 99 ನಿಮಿಷ.

ಅದರಲ್ಲಿ ಪ್ರಾರ್ಥನೆ, ನಾಡಗೀತೆ, ದೀಪ ಬೆಳಗುವುದಕ್ಕೆ 12 ನಿಮಿಷ. ನಾಡಗೀತೆಯನ್ನು ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರವೇ ಗೊತ್ತುಮಾಡಿದ್ದರಿಂದ ಆ ಲೆಕ್ಕ ಸುಲಭವಾಯಿತು. ಬಹುಮಾನಗಳು 140. ಹೆಸರು ಕರೆದ ಮೇಲೆ ಮಗು ಎದ್ದು ಬರುವಂತಿದ್ದರೆ ಒಂದಕ್ಕೆ ಅರ್ಧ ನಿಮಿಷವೂ ಸಾಲದು. ಮುಂದಿನ ಐವರನ್ನು ಮೆಟ್ಟಿಲ ಬಳಿ ಮೊದಲೇ ಸಾಲಾಗಿ ನಿಲ್ಲಿಸಿಕೊಂಡರೆ ಹದಿನೈದು ಸೆಕೆಂಡು ಸಾಕು. ಒಟ್ಟು 35 ನಿಮಿಷ. ನಿವೃತ್ತರಾಗುತ್ತಿದ್ದ ಹಿರಿಯ ಶಿಕ್ಷಕಿಯ ಸನ್ಮಾನಕ್ಕೆ 10. ಇವೆಲ್ಲ ಕಳೆದು ಮಾತಿಗೆ ಉಳಿದದ್ದು 42 ನಿಮಿಷ. ಮಾತನಾಡುವವರು ಒಂಬತ್ತು ಮಂದಿ.

ಹಿಂದಿನ ವರ್ಷ ಸ್ವಾಗತಕ್ಕೇ ಹನ್ನೆರಡು ನಿಮಿಷ, ವರದಿ ವಾಚನಕ್ಕೆ ಇಪ್ಪತ್ತೆರಡು ನಿಮಿಷ ಹೋಗಿತ್ತು. ಈ ಎರಡರಲ್ಲೇ ಈಗಿನ ಪೂರ್ತಿ ಪಾಲಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕರಗಿತ್ತು. ಇನ್ನೊಂದು ಸೋರಿಕೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪ್ರತಿಯೊಬ್ಬರೂ ಮಾತು ಶುರುಮಾಡುವಾಗ ವೇದಿಕೆಯ ಮೇಲಿದ್ದ ಎಲ್ಲರ ಹೆಸರು, ಹುದ್ದೆ ಹೇಳಿ ವಂದಿಸುತ್ತಾರೆ. ಅದಕ್ಕೆ ಒಂದೂವರೆ ನಿಮಿಷ. ಎಂಟು ಜನ ಹೇಳಿದರೆ ಹನ್ನೆರಡು ನಿಮಿಷ, ಅದೂ ಒಂದೇ ಹೆಸರುಗಳು ಎಂಟು ಸಲ. ಈ ಸಲ ಸ್ವಾಗತ ಮುಗಿದ ಕೂಡಲೇ ಅಧ್ಯಕ್ಷರ ಅನುಮತಿ ಪಡೆದು ಮೈಕಿನಲ್ಲೇ ಹೇಳಿಬಿಟ್ಟೆ: "ಎಲ್ಲ ಗಣ್ಯರ ಹೆಸರನ್ನೂ ಸ್ವಾಗತದಲ್ಲಿ ಗೌರವದಿಂದ ಹೇಳಿದ್ದೇವೆ. ಇನ್ನು ಮುಂದೆ ಮಾತನಾಡುವವರು ನೇರವಾಗಿ ಮಕ್ಕಳೊಡನೆ ಮಾತಿಗಿಳಿಯಬೇಕೆಂದು ಅಧ್ಯಕ್ಷರ ಅಪೇಕ್ಷೆ." ಅಧ್ಯಕ್ಷರ ಮಾತು ಎಂದ ಮೇಲೆ ಎಲ್ಲರೂ ಪಾಲಿಸಿದರು.

ಯಾರ ಹಿಂದೆ ಯಾರು

ಕ್ರಮ ಬರೆಯುವ ಮುನ್ನ ಮಾತನಾಡುವವರಿಗೆಲ್ಲ ಫೋನ್ ಮಾಡಿ ಎರಡು ವಿಷಯ ಕೇಳಿದೆ: ಏನು ಮಾತನಾಡುತ್ತೀರಿ, ಯಾರನ್ನು ನೋಡಿ ಮಾತನಾಡುತ್ತೀರಿ? ಕೇಳಿದ್ದು ಒಳ್ಳೆಯದೇ ಆಯಿತು. ಕ್ಷೇತ್ರ ಶಿಕ್ಷಣಾಧಿಕಾರಿ ಮತ್ತು ಹಳೆಯ ವಿದ್ಯಾರ್ಥಿ ಇಬ್ಬರೂ ಮಕ್ಕಳ ಕೈಯಲ್ಲಿನ ಮೊಬೈಲ್ ಬಗ್ಗೆಯೇ ಮಾತನಾಡಲು ಸಿದ್ಧರಾಗಿದ್ದರು. ಒಂದೇ ಬುದ್ಧಿಮಾತು ಎರಡನೆಯ ಸಲ ಬಂದರೆ ಸಭೆ ಅಲ್ಲೇ ಕೈತಪ್ಪುತ್ತದೆ. ಎರಡನೆಯವರು ಎಷ್ಟೇ ಚೆನ್ನಾಗಿ ಹೇಳಿದರೂ ಅಷ್ಟೆ. ಹಳೆಯ ವಿದ್ಯಾರ್ಥಿಯನ್ನು, "ನೀವು ಈ ಶಾಲೆಯಲ್ಲಿ ಗಣಿತದಲ್ಲಿ ಫೇಲಾದ ವರ್ಷದ ಕಥೆ ಹೇಳಿ ಸರ್" ಎಂದು ಕೇಳಿಕೊಂಡೆ. ಅವರು ಈಗ ಲೆಕ್ಕ ಪರಿಶೋಧಕರು. ನಕ್ಕು ಒಪ್ಪಿದರು.

ಸಾಲಿನ ಆರಂಭಕ್ಕೆ ಮಾಹಿತಿಯ ಮಾತುಗಳನ್ನು ಇಟ್ಟೆವು. ಸ್ವಾಗತ ಮೂರು ನಿಮಿಷ, ಮುಖ್ಯೋಪಾಧ್ಯಾಯರ ವರದಿ ಐದು. ಒಣ ವಿಷಯವನ್ನು ಕೇಳುವ ಶಕ್ತಿ ಜನರಲ್ಲಿ ಇರುವುದು ಆಗಲೇ. ವರದಿಯನ್ನು ಪೂರ್ತಿಯಾಗಿ ಅಚ್ಚು ಹಾಕಿಸಿ ಹಂಚಿ, ಅದರಿಂದ ಮೂರು ಸಂಗತಿಗಳನ್ನು ಮಾತ್ರ ಆರಿಸಿ ಓದಿದರು: ಹತ್ತನೇ ತರಗತಿಯ ಫಲಿತಾಂಶ, ಹೊಸದಾಗಿ ಬಂದ ವಿಜ್ಞಾನ ಪ್ರಯೋಗಾಲಯ, ಕಬಡ್ಡಿ ತಂಡ ಜಿಲ್ಲಾ ಮಟ್ಟಕ್ಕೆ ಹೋದದ್ದು.

ಮೂರನೆಯ ಮತ್ತು ನಾಲ್ಕನೆಯ ಸ್ಥಾನ ಬರೆಯುವಾಗ ನಾನೊಂದು ಹೊಸ ಪಾಠ ಕಲಿತೆ. ಪೋಷಕರ ಪ್ರತಿನಿಧಿ ಮತ್ತು ಗ್ರಾಮ ಪಂಚಾಯಿತಿ ಅಧ್ಯಕ್ಷರು ಇಬ್ಬರಿಗೂ ನಾಲ್ಕು ನಾಲ್ಕು ನಿಮಿಷ. ಹಿಂದಿನ ವರ್ಷ ಪಂಚಾಯಿತಿ ಅಧ್ಯಕ್ಷರು ಮೊದಲು ಮಾತನಾಡಿ ಕೂತಿದ್ದರು. ಆಮೇಲೆ ಬಂದ ತಾಯಿಯೊಬ್ಬರು ಶಾಲೆಯ ರಸ್ತೆಗೆ ಬೀದಿದೀಪ ಬೇಕೆಂದು ಕೇಳಿದ್ದರು. ಕೇಳಿದ್ದು ಗಾಳಿಗೆ ಹೋಯಿತು. ಈ ಸಲ ಪೋಷಕರ ಮಾತು ಮೊದಲು, ಪಂಚಾಯಿತಿಯ ಮಾತು ಅದರ ಹಿಂದೆಯೇ. ತಾಯಿ ಕೇಳಿ ಕೂತರು, ಅಧ್ಯಕ್ಷೆ ಎದ್ದು ನಿಂತ ಕೂಡಲೇ ಅದಕ್ಕೆ ಉತ್ತರ ಕೊಟ್ಟರು. ಎರಡು ಭಾಷಣಗಳು ಒಂದು ಸಂಭಾಷಣೆಯಾದವು. ಮುಂದೆ ಏನು ಹೇಳುತ್ತಾರೋ ಎಂದು ಸಭೆ ಕಿವಿಗೊಟ್ಟು ಕೇಳಿದ್ದು ಅಂದು ಅದೇ ಮೊದಲ ಸಲ. ಕೇಳುವವರ ಮುಂದೆ ಉತ್ತರ ಕೊಡಬಲ್ಲವರು ಬರಬಾರದು, ಹಿಂದೆಯೇ ಬರಬೇಕು.

ಅದಾದ ಮೇಲೆ ಶಿಕ್ಷಣಾಧಿಕಾರಿಗಳ ಐದು ನಿಮಿಷ, ನಂತರ ಕ್ರೀಡಾ ಬಹುಮಾನಗಳು. ಬಹುಮಾನಗಳನ್ನು ಒಂದೇ ಗಂಟಾಗಿ ಕಟ್ಟದೆ ಎರಡಾಗಿ ಒಡೆದೆವು. ಕ್ರೀಡೆಯ 48 ಮೊದಲು, ಪಾಠದ 92 ಆಮೇಲೆ. ಮಗುವಿಗೆ ಬಹುಮಾನ ಸಿಕ್ಕಿದ ಮೇಲೆ ಮನೆಗೆ ಹೊರಡುವ ತಂದೆತಾಯಿ ಬಹಳ. ಎಲ್ಲವನ್ನೂ ಮೊದಲೇ ಕೊಟ್ಟರೆ ಸಭೆ ಕರಗುತ್ತದೆ, ಎಲ್ಲವನ್ನೂ ಕೊನೆಗೆ ಇಟ್ಟರೆ ಕಾದು ಕಾದು ಸೊರಗುತ್ತದೆ. ಅಲ್ಲದೆ ನಾಲ್ಕೈದು ಮಾತುಗಳ ನಡುವೆ ಚಪ್ಪಾಳೆ ತಟ್ಟುವ, ಎದ್ದು ಫೋಟೊ ತೆಗೆಯುವ ಹನ್ನೆರಡು ನಿಮಿಷ ಸಿಕ್ಕರೆ ಮೈ ಸಡಿಲವಾಗುತ್ತದೆ.

ಹಳೆಯ ವಿದ್ಯಾರ್ಥಿ ಬಂದದ್ದು ಅದರ ನಂತರ. ಗಣಿತದಲ್ಲಿ ಫೇಲಾದ ಕಥೆಯಲ್ಲಿ ಒಬ್ಬ ಟೀಚರ್ ಸಂಜೆ ಸಂಜೆ ಮನೆಗೆ ಕರೆದು ಲೆಕ್ಕ ಹೇಳಿಕೊಟ್ಟಿದ್ದರು. ಆ ಟೀಚರೇ ಅಂದು ನಿವೃತ್ತಿಯ ಸನ್ಮಾನಕ್ಕೆ ಕೂತಿದ್ದವರು. ಆದ್ದರಿಂದ ಅವರ ಮಾತಿನ ಬೆನ್ನಿಗೇ ಸನ್ಮಾನ ಇಟ್ಟೆವು. ಅಭಿನಂದನಾ ಪತ್ರ ಓದುವ ಅಗತ್ಯವೇ ಬೀಳಲಿಲ್ಲ. ಶಿಷ್ಯನೇ ಶಾಲು ಹೊದಿಸಿದ. ಬಹಳ ಜನರ ಕಣ್ಣು ಒದ್ದೆಯಾಗಿತ್ತು.

ಕಣ್ಣು ಒದ್ದೆಯಾದ ಸಭೆಯ ಮುಂದೆ ತಕ್ಷಣ ಯಾರನ್ನೂ ಮಾತಿಗೆ ನಿಲ್ಲಿಸಬಾರದು. ನಗಿಸುವವರು ಬಂದರೆ ಎರಡೂ ಕೆಡುತ್ತದೆ. ಆ ಭಾವ ಇಳಿಯಲು ಕೈಗೆ ಕೆಲಸ ಕೊಡುವ ಏನಾದರೂ ನಡೆಯಬೇಕು. ಅಲ್ಲಿಗೆ ಪಾಠದ 92 ಬಹುಮಾನಗಳು ಬಂದವು. ಒಂದನೇ ತರಗತಿಯಿಂದ ಶುರುಮಾಡಿ ಹತ್ತನೆಯದಕ್ಕೆ ಏರುತ್ತಾ, ಶಾಲೆಗೇ ಮೊದಲು ಬಂದ ಹುಡುಗನನ್ನು ಕೊನೆಗೆ ಕರೆದೆವು. ಕೊಟ್ಟವರು ಮುಖ್ಯ ಅತಿಥಿಗಳು. ಆ ದೊಡ್ಡ ಚಪ್ಪಾಳೆ ಇಳಿಯುವ ಮುನ್ನವೇ ಅವರ ಕೈಗೆ ಮೈಕು ಕೊಟ್ಟೆವು. ಅಷ್ಟು ಮಕ್ಕಳ ಮುಖವನ್ನು ಹತ್ತಿರದಿಂದ ನೋಡಿ ಬಂದಿದ್ದ ಅವರು ಬರೆದುಕೊಂಡದ್ದನ್ನು ಪಕ್ಕಕ್ಕಿಟ್ಟು, ಬಹುಮಾನ ತೆಗೆದುಕೊಳ್ಳಲು ಎಡಗೈ ಚಾಚಿ ನಾಚಿದ ಒಂದು ಪುಟ್ಟ ಹುಡುಗಿಯಿಂದ ಮಾತು ಶುರುಮಾಡಿದರು. ಹಿಂದಿನ ವರ್ಷ ಖಾಲಿ ಕುರ್ಚಿಗಳಿಗೆ ಮಾತನಾಡಿದ್ದ ಅದೇ ವಿದ್ವಾಂಸರು, ಅದೇ ಧ್ವನಿ.

ಇಷ್ಟೆಲ್ಲ ಜಾಗ ಹುಡುಕುವಾಗ ಒಂದು ನಿಯಮ ಕೈಹಿಡಿಯಿತು. ಅತ್ಯುತ್ತಮ ಮಾತುಗಾರರಿಬ್ಬರನ್ನು ಅಕ್ಕಪಕ್ಕ ಕೂರಿಸಬಾರದು. ಒಬ್ಬರು ಮಧ್ಯದಲ್ಲಿ ಸಭೆಯನ್ನು ಎತ್ತಬೇಕು, ಇನ್ನೊಬ್ಬರು ಕೊನೆಯ ಹತ್ತಿರ. ಸಣ್ಣ ಧ್ವನಿಯವರನ್ನು, ಮೊದಲ ಸಲ ಮೈಕು ಹಿಡಿಯುವವರನ್ನು ಒಂದು ಬಹುಮಾನ ಸರದಿಯ ಮುಂದೆ ಇಟ್ಟರೆ ಅವರ ಮಾತು ಚಪ್ಪಾಳೆಯಲ್ಲೇ ಮುಗಿಯುತ್ತದೆ.

ಕೊನೆ ಏಕೆ ಅಷ್ಟು ಮುಖ್ಯ

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅವರ ಸಂಗಡಿಗರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳು ಒಮ್ಮೆ 14 ಡಿಗ್ರಿಯ ತಣ್ಣೀರಿನಲ್ಲಿ ಒಂದು ನಿಮಿಷ ಕೈ ಅದ್ದಿಟ್ಟರು. ಇನ್ನೊಮ್ಮೆ ಅದೇ ಒಂದು ನಿಮಿಷದ ಮೇಲೆ ಮತ್ತೆ ಅರ್ಧ ನಿಮಿಷ ಇಟ್ಟರು. ಆ ಅರ್ಧ ನಿಮಿಷದಲ್ಲಿ ನೀರು ನಿಧಾನಕ್ಕೆ 15 ಡಿಗ್ರಿಗೆ ಏರಿತು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿಕೊಂಡರು. ಅದರಲ್ಲಿ ಒಟ್ಟು ನೋವು ಹೆಚ್ಚು, ಆದರೆ ಕೊನೆ ಸ್ವಲ್ಪ ಹಿತವಾಗಿತ್ತು. ಒಂದು ಅನುಭವದ ಅತಿ ತೀವ್ರ ಗಳಿಗೆ ಮತ್ತು ಅದರ ಕೊನೆ, ಈ ಎರಡೇ ನೆನಪಿನಲ್ಲಿ ಹೆಚ್ಚು ಉಳಿಯುತ್ತವೆ ಎಂಬುದು ಅವರ ವಿವರಣೆ. ಪ್ರಯೋಗಶಾಲೆಯ ತಣ್ಣೀರೇ ವಾರ್ಷಿಕೋತ್ಸವವಲ್ಲ, ನಿಜ. ಆದರೆ ಸಭೆ ಹೇಗಿತ್ತು ಎಂದು ಮರುದಿನ ಊರಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಒಂದು ಪ್ರಸಂಗ ಹೇಳುತ್ತಾರೆ, ಆಮೇಲೆ ಹೇಗೆ ಮುಗಿಯಿತು ಎನ್ನುವುದನ್ನು ಹೇಳುತ್ತಾರೆ.

ನಮ್ಮ ಸಭೆಗಳು ಮುಗಿಯುವುದು ಹೇಗೆ? ಅಧ್ಯಕ್ಷೀಯ ಭಾಷಣ, ಆಮೇಲೆ ವಂದನಾರ್ಪಣೆ. ಅಧ್ಯಕ್ಷರು ಮಾತನಾಡಿದ ಮೇಲೆ ಬೇರೆ ಯಾರೂ ಮಾತನಾಡಬಾರದು ಎನ್ನುವುದು ಗಟ್ಟಿಯಾದ ಪದ್ಧತಿ, ಮುರಿದರೆ ಅಗೌರವ. ವಂದನಾರ್ಪಣೆಯೊಂದಕ್ಕೆ ಮಾತ್ರ ವಿನಾಯಿತಿ. ಸಾಮಾನ್ಯವಾಗಿ ಅದು ಹೆಸರುಗಳ ಇನ್ನೊಂದು ಪಟ್ಟಿ: ಶಾಮಿಯಾನದವರಿಗೆ, ಮೈಕಿನವರಿಗೆ, ಪತ್ರಿಕೆಯವರಿಗೆ. ಜನ ಎದ್ದು ಕುರ್ಚಿ ಎಳೆದಾಡುವುದು ಆಗಲೇ. ಅಂದರೆ ಇಡೀ ಸಭೆಯ ಅತ್ಯಮೂಲ್ಯ ಸ್ಥಾನವನ್ನು ಅತ್ಯಂತ ಜೀವವಿಲ್ಲದ ಮಾತಿಗೆ ಕೊಟ್ಟಿದ್ದೇವೆ.

ನಾವು ಪದ್ಧತಿಯನ್ನು ಮುರಿಯಲಿಲ್ಲ. ಅಧ್ಯಕ್ಷರ ಹತ್ತಿರ ಹೋಗಿ ಎರಡು ವಿಷಯ ಕೇಳಿಕೊಂಡೆ. ಒಂದು, ಅವರ ಮಾತು ನಾಲ್ಕು ನಿಮಿಷ. ಇನ್ನೊಂದು, ವಂದನಾರ್ಪಣೆಯನ್ನು ಶಿಕ್ಷಕರ ಬದಲು ಹತ್ತನೇ ತರಗತಿಯ ಹುಡುಗಿ ಎರಡು ನಿಮಿಷದಲ್ಲಿ ಮಾಡುವುದು.

"ಮೇಷ್ಟ್ರೇ, ಕೊನೇ ಮಾತು ಅಧ್ಯಕ್ಷರದ್ದಲ್ವಾ?" ಎಂದರು.

"ಹೌದು ಸರ್, ನಿಮ್ಮದೇ. ಅವಳು ಕೃತಜ್ಞತೆ ಹೇಳ್ತಾಳೆ, ಅಷ್ಟೆ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಶಾಲೆ ಮಕ್ಕಳದ್ದು. ಅವರೇ ಮುಗಿಸ್ಲಿ ಬಿಡಿ" ಎಂದರು.

ಹುಡುಗಿಗೆ ಒಂದೇ ಸೂಚನೆ ಕೊಟ್ಟೆವು: ವೇದಿಕೆಯ ಮೇಲಿರುವವರಿಗೆಲ್ಲ ಸೇರಿಸಿ ಒಂದು ವಾಕ್ಯ, ಉಳಿದದ್ದು ವೇದಿಕೆಯ ಮೇಲೆ ಇಲ್ಲದವರಿಗೆ. ಯಾರಿಗೆ ಎಂದು ನಾವು ಹೇಳಲಿಲ್ಲ.

ಆ ಸಂಜೆ ಆದದ್ದು

ಬರೆದ ಹಾಳೆಯಂತೆ ಎಲ್ಲವೂ ನಡೆಯುವುದಿಲ್ಲ. ಶಿಕ್ಷಣಾಧಿಕಾರಿಗಳು ಬೇರೆ ಊರಿನ ಸಭೆ ಮುಗಿಸಿ ಬರುವುದು ತಡವಾಯಿತು. ಹಾಳೆಯಲ್ಲಿ ಇದಕ್ಕೆಂದೇ ಜಾಗ ಗುರುತಿಸಿದ್ದೆವು: ತಡವಾಗಿ ಬಂದವರು ಬಹುಮಾನದ ಒಂದು ಸರದಿ ಮುಗಿದ ಮೇಲೆ ಮಾತ್ರ ಸಾಲಿಗೆ ಸೇರಬೇಕು, ಒಬ್ಬರ ಮಾತಿನ ಬೆನ್ನಿಗಲ್ಲ, ಮುಖ್ಯ ಅತಿಥಿಯ ಮುಂದೆಯಂತೂ ಅಲ್ಲವೇ ಅಲ್ಲ. ಕ್ರೀಡಾ ಬಹುಮಾನ ನಡೆಯುತ್ತಿದ್ದಾಗ ಬಂದವರನ್ನು ಅಲ್ಲೇ ನಾಲ್ಕು ಬಹುಮಾನ ಕೊಡಲು ಕೇಳಿಕೊಂಡು, ಅದು ಮುಗಿದ ಮೇಲೆ ಮಾತಿಗೆ ಕರೆದೆ. ಐದರ ಬದಲು ಒಂಬತ್ತು ನಿಮಿಷ ತೆಗೆದುಕೊಂಡರು. ನಾಲ್ಕನೆಯ ನಿಮಿಷಕ್ಕೆ ಅವರಿಗೆ ಕಾಣುವಂತೆ ವೇದಿಕೆಯ ಅಂಚಿನಲ್ಲಿ ಎದ್ದು ನಿಂತೆ, ಏಳನೆಯದಕ್ಕೆ ಚೀಟಿ ಕೊಟ್ಟೆ. ಇದಕ್ಕಿಂತ ಹೆಚ್ಚು ನಿರೂಪಕನ ಕೈಯಲ್ಲಿಲ್ಲ. ಯಾವ ಕ್ರಮವೂ ಉದ್ದವಾದ ಭಾಷಣವನ್ನು ಗಿಡ್ಡ ಮಾಡಲಾರದು. ಅದರ ಹಿಂದೆ ಬರುವವರನ್ನು ಮಾತ್ರ ಕಾಪಾಡಬಲ್ಲದು. ಅಧ್ಯಕ್ಷರು ತಾವೇ ಗಡಿಯಾರ ನೋಡಿಕೊಂಡು ನಾಲ್ಕರ ಬದಲು ಎರಡು ನಿಮಿಷದಲ್ಲಿ ಮುಗಿಸಿದರು.

ಸಭೆ ಕೈತಪ್ಪುತ್ತಿದೆಯೇ ಎಂದು ತಿಳಿಯಲು ಮುಂದಿನ ಸಾಲನ್ನು ನೋಡಿದರೆ ಪ್ರಯೋಜನವಿಲ್ಲ. ಅಲ್ಲಿ ಕೂತವರು ಸಭ್ಯತೆಗಾಗಿ ನೋಡುತ್ತಲೇ ಇರುತ್ತಾರೆ. ನಡುವಿನ ಸಾಲುಗಳಲ್ಲಿ ಮೊಬೈಲ್ ಬೆಳಕು ಮುಖದ ಮೇಲೆ ಬೀಳುತ್ತಿದೆಯೇ, ತಾಯಂದಿರು ಮಕ್ಕಳ ಕೊಠಡಿಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಾರೆಯೇ, ಮಾತಿನ ನಡುವೆ ಅಕಾಲದ ಚಪ್ಪಾಳೆ ಬೀಳುತ್ತಿದೆಯೇ ಎಂದು ನೋಡಬೇಕು. ಆ ಸಂಜೆ ಒಂಬತ್ತು ನಿಮಿಷದ ಭಾಷಣದಲ್ಲಿ ಮೊಬೈಲ್‌ಗಳು ಹೊತ್ತಿಕೊಂಡಿದ್ದವು. ಹಳೆಯ ವಿದ್ಯಾರ್ಥಿ ಫೇಲಾದ ಅಂಕ ಹೇಳುತ್ತಿದ್ದಂತೆ ಆರಿದವು.

7.24ಕ್ಕೆ ಹುಡುಗಿ ಮೈಕಿನ ಮುಂದೆ ಬಂದಳು. ಗಣ್ಯರಿಗೆ ಒಂದು ವಾಕ್ಯದಲ್ಲಿ ವಂದಿಸಿದಳು. ಆಮೇಲೆ ಬಿಸಿಯೂಟದ ಅಡುಗೆಯವರ ಹೆಸರು ಹೇಳಿದಳು. ಮಳೆಗಾಲದಲ್ಲಿ ಹಳ್ಳ ದಾಟಿ ಒದ್ದೆಯಾಗಿ ಬಂದ ದಿನಗಳಲ್ಲಿ ಅಡುಗೆಮನೆಯ ಒಲೆಯ ಮುಂದೆ ತನ್ನ ಪುಸ್ತಕಗಳನ್ನು ಅವರು ಒಣಗಿಸಿಕೊಟ್ಟದ್ದನ್ನು ಹೇಳಿದಳು. ಇಡೀ ಸಭೆ ಹಿಂದಕ್ಕೆ ತಿರುಗಿ ನೋಡಿತು. ಕೊನೆಯ ಸಾಲಿನ ಹಿಂದೆ, ಕಂಬದ ಪಕ್ಕದಲ್ಲಿ ನಿಂತಿದ್ದ ಆ ಹೆಂಗಸು ಸೆರಗು ಬಾಯಿಗೆ ಹಿಡಿದುಕೊಂಡರು. ಚಪ್ಪಾಳೆ ಶುರುವಾದದ್ದು ವೇದಿಕೆಯ ಮೇಲಿನಿಂದ. ಅಧ್ಯಕ್ಷರೇ ಎದ್ದು ನಿಂತಿದ್ದರು.

ಅದು ಇಳಿಯುವ ಮೊದಲೇ ದೀಪ ಆರಿಸಿದೆವು. ಕತ್ತಲಲ್ಲಿ ಡೊಳ್ಳು ಗುಡುಗಿತು. ಬೆಳಕು ಬಂದಾಗ ವೇದಿಕೆಯ ತುಂಬ ಮಕ್ಕಳು. ಎರಡನೆಯ ನೃತ್ಯವೇ ಒಂದನೇ ತರಗತಿಯವರದು. ಹಸಿರು ಲಂಗದ ಹನ್ನೆರಡು ಮಕ್ಕಳು, ಎಲ್ಲರ ಕಣ್ಣೂ ತೆರೆದಿತ್ತು.